ಗೆರೆಯ ಮೇಲಿನ ಎರಡು ಬಿಂದು

ಪಿಯುಸಿ ಓದುವ ಮಕ್ಕಳ ಭೌತಶಾಸ್ತ್ರದ ವರ್ಕ್‌ಶೀಟುಗಳಲ್ಲಿ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮೇಲೆ ಅಚ್ಚಾದ ಒಂದು ಗ್ರಾಫ್, ಅದರ ಕೆಳಗೆ ಅ, ಆ, ಇ, ಈ ಎಂದು ನಾಲ್ಕು ಉಪಪ್ರಶ್ನೆಗಳು. ಮೊದಲನೆಯದು ಗ್ರಾಫ್ ನೋಡಿ ಒಂದು ಬೆಲೆಯನ್ನು ಓದಲು ಹೇಳುತ್ತದೆ. ಉಳಿದವು ಆ ಬೆಲೆಯನ್ನೇ ಹಿಡಿದುಕೊಂಡು ಮುಂದಿನ ಲೆಕ್ಕ ಮಾಡಿಸುತ್ತವೆ. ಪ್ರಯೋಗ ಮಾಡಿದವರು ಬೇರೆ ಯಾರೋ. ಅವರು ಬರೆದುಕೊಂಡ ಅಳತೆಯ ಪಟ್ಟಿ ನಮ್ಮ ಕೈಗೆ ಸಿಕ್ಕುವುದಿಲ್ಲ. ಇರುವುದು ಕಾಗದದ ಮೇಲಿನ ಗೆರೆ ಮಾತ್ರ. ಸೂತ್ರವನ್ನು ಸರಿಯಾಗಿ ಬರೆದು, ಗುಣಾಕಾರ ಭಾಗಾಕಾರವನ್ನೂ ಸರಿಯಾಗಿ ಮಾಡಿ, ಆದರೂ ಕೊನೆಯ ಉತ್ತರ ಎಲ್ಲೋ ಹೋಗಿಬಿಟ್ಟಿದ್ದರೆ ನಾನು ಮೊದಲು ನೋಡುವುದು ಆ ಗೆರೆಯಿಂದ ಸಂಖ್ಯೆಯನ್ನು ಎತ್ತಿಕೊಂಡ ಜಾಗವನ್ನು.

ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದು ಹೋಗೋಣ. ಟಾರ್ಚಿಗೆ ಹಾಕುವ, ಸ್ವಲ್ಪ ಬಳಸಿದ ಒಂದು ಸೆಲ್. ಅದರ ಮೈಮೇಲೆ 1.5 ವೋಲ್ಟ್ ಎಂದು ಬರೆದಿರುತ್ತದೆ. ಆದರೆ ಬಲ್ಬು ಉರಿಯುತ್ತಿರುವಾಗ ಅದರ ಎರಡು ತುದಿಗಳ ನಡುವೆ ವೋಲ್ಟ್‌ಮೀಟರ್ ಹಿಡಿದರೆ 1.5 ಸಿಗುವುದಿಲ್ಲ, ಕಡಿಮೆ ಸಿಗುತ್ತದೆ. ಸೆಲ್ಲಿನ ಒಳಗಿರುವ ವಸ್ತುಗಳೂ ವಿದ್ಯುತ್ ಪ್ರವಾಹಕ್ಕೆ ಅಡ್ಡಿ ಮಾಡುತ್ತವೆ. ಆ ಅಡ್ಡಿಗೆ ಆಂತರಿಕ ರೋಧ ಎಂದು ಹೆಸರು. ಪ್ರವಾಹ ಹೆಚ್ಚಿದಷ್ಟೂ ಒಳಗೇ ಕಳೆದುಹೋಗುವ ವೋಲ್ಟ್ ಹೆಚ್ಚುತ್ತದೆ, ಹೊರಗೆ ಸಿಗುವುದು ಕಡಿಮೆಯಾಗುತ್ತದೆ. ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಇದು V = E − Ir ಎಂಬ ಸಣ್ಣ ಸಮೀಕರಣವಾಗಿ ಬರುತ್ತದೆ. E ಎಂದರೆ ಪ್ರವಾಹವೇ ಇಲ್ಲದಾಗ ಸೆಲ್ ಕೊಡುವ ವೋಲ್ಟ್, ಅಂದರೆ ವಿದ್ಯುತ್ ಚಾಲಕ ಬಲ. I ಪ್ರವಾಹ, r ಆಂತರಿಕ ರೋಧ, V ತುದಿಗಳ ನಡುವೆ ನಿಜವಾಗಿ ಸಿಗುವ ವೋಲ್ಟ್.

ವರ್ಕ್‌ಶೀಟಿನ ಗ್ರಾಫ್ ಹೀಗಿದೆ ಎಂದಿಟ್ಟುಕೊಳ್ಳಿ. ಅಡ್ಡ ಅಕ್ಷದಲ್ಲಿ ಪ್ರವಾಹ, 0ಯಿಂದ 700 ಮಿಲಿಆಂಪಿಯರ್‌ವರೆಗೆ. ಪ್ರತಿ 100ಕ್ಕೆ 2 ಸೆಂಟಿಮೀಟರ್. ಲಂಬ ಅಕ್ಷದಲ್ಲಿ ವೋಲ್ಟ್, 1.0ಯಿಂದ 1.6ರವರೆಗೆ, ಪ್ರತಿ 0.1ಕ್ಕೆ 1 ಸೆಂಟಿಮೀಟರ್. ಒಂದೊಂದು ಮಿಲಿಮೀಟರಿಗೆ ಸಣ್ಣ ಚೌಕದ ತೆಳು ಗೆರೆಗಳಿವೆ. ಅಳತೆಗಳನ್ನು ಕತ್ತರಿ ಗುರುತಿನಿಂದ ತೋರಿಸಿ, ಅವುಗಳ ನಡುವೆ ಎಡದಿಂದ ಬಲಕ್ಕೆ ಇಳಿಯುವ ಒಂದು ನೇರ ಗೆರೆ ಎಳೆದಿದ್ದಾರೆ. ಗೆರೆ 50 ಮಿಲಿಆಂಪಿಯರಿನ ಹತ್ತಿರ ಶುರುವಾಗಿ 500ರಲ್ಲಿ ನಿಲ್ಲುತ್ತದೆ. ಪ್ರಶ್ನೆಗಳು ಇವು: ಸೆಲ್ಲಿನ ಆಂತರಿಕ ರೋಧ ಎಷ್ಟು? ಚಾಲಕ ಬಲ ಎಷ್ಟು? 2.2 ಓಮ್ ರೋಧಕವನ್ನು ಜೋಡಿಸಿದರೆ ಎಷ್ಟು ಪ್ರವಾಹ ಹರಿಯುತ್ತದೆ? ಎರಡು ತುದಿಗಳನ್ನು ನೇರ ತಂತಿಯಿಂದ ಸೇರಿಸಿಬಿಟ್ಟರೆ, ಅಂದರೆ ಶಾರ್ಟ್ ಮಾಡಿದರೆ, ಎಷ್ಟು?

ಗೆರೆಯನ್ನು ನೋಡುವ ಮೊದಲು ಅಕ್ಷಗಳನ್ನು ಓದಬೇಕು. ಒಂದು ಸಣ್ಣ ಚೌಕ ಎಷ್ಟು ಎಂಬುದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಅಡ್ಡಲಾಗಿ 100 ಮಿಲಿಆಂಪಿಯರಿಗೆ 20 ಸಣ್ಣ ಚೌಕ, ಆದ್ದರಿಂದ ಒಂದು ಚೌಕ 5 ಮಿಲಿಆಂಪಿಯರ್. ಮೇಲಕ್ಕೆ 0.1 ವೋಲ್ಟಿಗೆ 10 ಚೌಕ, ಆದ್ದರಿಂದ ಒಂದು ಚೌಕ 0.01 ವೋಲ್ಟ್. ಎರಡೂ ಅಕ್ಷಗಳಲ್ಲಿ ಚೌಕದ ಬೆಲೆ ಒಂದೇ ರೀತಿ ಇರಬೇಕೆಂದೇನೂ ಇಲ್ಲ. ಕೆಲವು ಅಚ್ಚುಗಳಲ್ಲಿ ಎರಡು ಬರೆದ ಸಂಖ್ಯೆಗಳ ನಡುವೆ ಐದೇ ಚೌಕ ಇರುತ್ತವೆ. ಆಗ 1.4ರ ಮೇಲೆ ಮೂರನೆಯ ಚೌಕ ಎಂದರೆ 1.43 ಅಲ್ಲ, 1.46. ಹತ್ತು ಚೌಕದ ಹಾಳೆಗೆ ಒಗ್ಗಿದ ಕಣ್ಣು ಇಲ್ಲಿ ಸುಲಭವಾಗಿ ಜಾರುತ್ತದೆ.

ಜೆರಾಕ್ಸ್ ಮಾಡಿದ ಹಾಳೆಯಲ್ಲಿ ತೆಳು ಗೆರೆಗಳು ಮಾಸಿ ಹೋಗಿದ್ದರೆ ಸ್ಕೇಲು ತೆಗೆದುಕೊಳ್ಳಿ. ಹಾಳೆ ಚಿಕ್ಕದಾಗಿಯೂ ಅಚ್ಚಾಗಿರಬಹುದು, ಪರವಾಗಿಲ್ಲ. 1.4 ಮತ್ತು 1.5ರ ಗುರುತುಗಳ ನಡುವಿನ ದೂರ ಈ ಹಾಳೆಯಲ್ಲಿ 9 ಮಿಲಿಮೀಟರ್ ಇದ್ದು, ನಮ್ಮ ಬಿಂದು 1.4ರಿಂದ ಐದೂವರೆ ಮಿಲಿಮೀಟರ್ ಮೇಲಿದ್ದರೆ, 0.1ನ್ನು 9ರಿಂದ ಭಾಗಿಸಿ 5.5ರಿಂದ ಗುಣಿಸಿದರೆ 0.061 ಬರುತ್ತದೆ. ಬಿಂದುವಿನ ಬೆಲೆ 1.46. ಗ್ರಾಫ್ ಕುಗ್ಗಿದಾಗ ಗೆರೆಯ ಜೊತೆ ಅಕ್ಷವೂ ಅಷ್ಟೇ ಕುಗ್ಗಿರುತ್ತದೆ, ಆದ್ದರಿಂದ ಗೆರೆಯನ್ನು ಅದರದೇ ಅಕ್ಷಕ್ಕೆ ಹೋಲಿಸಿದಷ್ಟು ಕಾಲ ತಪ್ಪಾಗುವುದಿಲ್ಲ.

ಈಗ ಆಂತರಿಕ ರೋಧ. ಸಮೀಕರಣದ ಪ್ರಕಾರ ಗೆರೆಯ ಇಳಿಜಾರೇ ಅದು: ಪ್ರವಾಹ ಇಷ್ಟು ಹೆಚ್ಚಿದಾಗ ವೋಲ್ಟ್ ಎಷ್ಟು ಇಳಿಯಿತು ಎಂಬ ಭಾಗಾಕಾರ. ಅದಕ್ಕೆ ಎರಡು ಬಿಂದು ಬೇಕು. ಯಾವ ಎರಡು? ಬಹಳ ಮಕ್ಕಳು ಕತ್ತರಿ ಗುರುತುಗಳಲ್ಲೇ ಎರಡನ್ನು ಆರಿಸಿಕೊಳ್ಳುತ್ತಾರೆ, ಅವು ಎದ್ದು ಕಾಣುತ್ತವಲ್ಲ. ನಮ್ಮ ಗ್ರಾಫಿನಲ್ಲಿ 250 ಮಿಲಿಆಂಪಿಯರಿನ ಗುರುತು ಗೆರೆಯ ಮೇಲೆಯೇ, 1.30ರಲ್ಲಿ ಕೂತಿದೆ. 350ರ ಗುರುತು ಮಾತ್ರ ಗೆರೆಗಿಂತ ಎರಡು ಚೌಕ ಮೇಲೆ, 1.24ರಲ್ಲಿದೆ. ಈ ಎರಡನ್ನು ಹಿಡಿದರೆ 0.06 ವೋಲ್ಟನ್ನು 0.1 ಆಂಪಿಯರಿನಿಂದ ಭಾಗಿಸಿ 0.6 ಓಮ್ ಬರುತ್ತದೆ. ಎಲ್ಲ ಅಳತೆಗಳನ್ನೂ ಲಕ್ಷ್ಯದಲ್ಲಿಟ್ಟು ಎಳೆದ ಗೆರೆಯನ್ನು ಕೈಬಿಟ್ಟು, ಎರಡೇ ಅಳತೆಗಳ ಮಾತು ಕೇಳಿದ ಹಾಗಾಯಿತು. ಅದರಲ್ಲೊಂದು ದಾರಿ ತಪ್ಪಿದ ಅಳತೆ. ಗೆರೆ ಎಳೆಯುವುದೇ ಒಂದೊಂದು ಅಳತೆಯ ಏರುಪೇರು ಒಂದನ್ನೊಂದು ತೂಗಿಸಲಿ ಎಂದು. ಹಾಗಾಗಿ ಬಿಂದುಗಳನ್ನು ಗೆರೆಯ ಮೇಲೆಯೇ ಆರಿಸಬೇಕು, ಅಲ್ಲಿ ಕತ್ತರಿ ಗುರುತು ಇರಲಿ ಬಿಡಲಿ.

ಆ ಬಿಂದುಗಳು ಒಂದಕ್ಕೊಂದು ಎಷ್ಟು ದೂರ ಇರಬೇಕು ಎಂಬುದು ಇನ್ನೂ ಮುಖ್ಯ. ಕಣ್ಣಿನಿಂದ ಓದುವಾಗ ಅರ್ಧ ಸಣ್ಣ ಚೌಕದಷ್ಟು ಆಚೀಚೆ ಆಗಿಯೇ ಆಗುತ್ತದೆ. ಅಚ್ಚಿನ ಗೆರೆಗೂ ಒಂದು ದಪ್ಪವಿದೆ, ಅದರ ನಡುವನ್ನು ಹಿಡಿದರೂ ಅರ್ಧ ಚೌಕದ ಅನುಮಾನ ಉಳಿಯುತ್ತದೆ. ಎರಡು ಬಿಂದುಗಳನ್ನು ಓದಿ ಕಳೆದಾಗ ವ್ಯತ್ಯಾಸದಲ್ಲಿ ಒಂದು ಇಡೀ ಚೌಕದಷ್ಟು ತಪ್ಪು ಸೇರಬಹುದು. ಗೆರೆಯ ಮೇಲೆ 200 ಮತ್ತು 250 ಮಿಲಿಆಂಪಿಯರಿನ ಹತ್ತಿರದ ಬಿಂದುಗಳನ್ನು ತೆಗೆದುಕೊಂಡರೆ ವೋಲ್ಟ್ 1.34ರಿಂದ 1.30ಕ್ಕೆ ಇಳಿಯುತ್ತದೆ. ಅಂದರೆ ಕೆಳಕ್ಕೆ 4 ಚೌಕ, ಅಡ್ಡಲಾಗಿ 10 ಚೌಕ. ಭಾಗಾಕಾರ ಮಾಡಿದರೆ 0.8 ಓಮ್. ಆದರೆ ಆ 4 ನಿಜವಾಗಿ 3 ಆಗಿರಬಹುದು, 5 ಆಗಿರಬಹುದು. ಆ 10 ಕೂಡ 9 ಅಥವಾ 11 ಆಗಿರಬಹುದು. ಎರಡೂ ಕೆಟ್ಟ ದಿಕ್ಕಿಗೇ ಕೂಡಿಕೊಂಡರೆ ಉತ್ತರ 0.55 ಓಮ್‌ನಿಂದ 1.1 ಓಮ್‌ವರೆಗೆ ಎಲ್ಲಿ ಬೇಕಾದರೂ ಬೀಳುತ್ತದೆ. ಒಂದು ತುದಿ ಇನ್ನೊಂದರ ಎರಡರಷ್ಟು!

ಅದೇ ಗೆರೆಯಲ್ಲಿ 50 ಮತ್ತು 450 ಮಿಲಿಆಂಪಿಯರಿನ ಬಿಂದುಗಳನ್ನು ಹಿಡಿಯೋಣ. ವೋಲ್ಟ್ 1.46 ಮತ್ತು 1.14. ಇಳಿದದ್ದು 0.32 ವೋಲ್ಟ್, ಅಂದರೆ 32 ಚೌಕ. ಪ್ರವಾಹ ಹೆಚ್ಚಿದ್ದು 0.40 ಆಂಪಿಯರ್, 80 ಚೌಕ. 0.32ನ್ನು 0.40ರಿಂದ ಭಾಗಿಸಿದರೆ ಮತ್ತೆ 0.80 ಓಮ್. ಈಗ 32 ಎಂಬುದು 31 ಅಥವಾ 33 ಆಗಿ, 80 ಎಂಬುದು 79 ಅಥವಾ 81 ಆದರೂ ಉತ್ತರ 0.77ರಿಂದ 0.84ರ ಒಳಗೇ ಇರುತ್ತದೆ. ಕಣ್ಣು ಅದೇ, ಹಾಳೆ ಅದೇ, ತಪ್ಪಿನ ಗಾತ್ರವೂ ಅದೇ ಒಂದು ಚೌಕ. ಆ ಒಂದು ಚೌಕ ನಾಲ್ಕರಲ್ಲಿ ಸೇರಿತೋ ಮೂವತ್ತೆರಡರಲ್ಲಿ ಸೇರಿತೋ ಎಂಬುದಷ್ಟೇ ಬದಲಾದದ್ದು.

ಕೋನಮಾಪಕ ಇಟ್ಟು ಗೆರೆಯ ಕೋನವನ್ನು ಅಳೆದು ಅದರ ಟ್ಯಾಂಜೆಂಟ್ ತೆಗೆಯುವವರೂ ಇದ್ದಾರೆ. ಇಳಿಜಾರು ಎಂದರೆ ಟ್ಯಾನ್ ಥೀಟಾ ಎಂದು ಗಣಿತದ ತರಗತಿಯಲ್ಲಿ ಕಲಿತದ್ದರ ಫಲ. ನಮ್ಮ ಹಾಳೆಯಲ್ಲಿ ಈ ಗೆರೆ 8 ಸೆಂಟಿಮೀಟರ್ ಅಡ್ಡ ಹೋಗುವಷ್ಟರಲ್ಲಿ 3.2 ಸೆಂಟಿಮೀಟರ್ ಇಳಿಯುತ್ತದೆ; ಕೋನ ಸುಮಾರು 22 ಡಿಗ್ರಿ, ಟ್ಯಾಂಜೆಂಟ್ 0.4. ನಿಜವಾದ ಉತ್ತರದ ಅರ್ಧ. ಕಾಗದದ ಮೇಲಿನ ಕೋನ ಅಚ್ಚು ಹಾಕಿದವರು ಯಾವ ಅಕ್ಷವನ್ನು ಎಷ್ಟು ಎಳೆದರು ಎಂಬುದರ ಮೇಲೆ ನಿಂತಿದೆ, ಸೆಲ್ಲಿನ ಮೇಲಲ್ಲ.

ಮಿಲಿಆಂಪಿಯರನ್ನು ಆಂಪಿಯರ್ ಮಾಡಲು ಮರೆಯುವುದು ಇನ್ನೊಂದು ಕಡೆಯ ತೊಂದರೆ. 0.32ನ್ನು 400ರಿಂದ ಭಾಗಿಸಿ 0.0008 ಓಮ್ ಎಂದು ಬರೆದವರು ಮುಂದಿನ ಪ್ರಶ್ನೆಯಲ್ಲಿ ಅದನ್ನು 2.2ಕ್ಕೆ ಕೂಡಿಸುತ್ತಾರೆ, ಏನೂ ಕೂಡಿಸದಂತೆಯೇ ಆಗುತ್ತದೆ. ಈ ತಪ್ಪನ್ನು ಹಿಡಿಯಲು ಗ್ರಾಫೇ ಸಾಕು. ರೋಧ ಅಷ್ಟು ಕಡಿಮೆಯಿದ್ದಿದ್ದರೆ 400 ಮಿಲಿಆಂಪಿಯರ್ ಹರಿದಾಗ ವೋಲ್ಟ್ ಒಂದು ಸಣ್ಣ ಚೌಕದ ಮೂವತ್ತನೇ ಒಂದು ಭಾಗದಷ್ಟು ಇಳಿಯುತ್ತಿತ್ತು. ಗೆರೆ ಕಣ್ಣಿಗೆ ಮಟ್ಟಸವಾಗಿ ಕಾಣಬೇಕಿತ್ತು. ಎದುರಿಗಿರುವ ಗೆರೆ ಧಾರಾಳವಾಗಿ ಇಳಿಯುತ್ತಿದೆ.

ಚಾಲಕ ಬಲಕ್ಕೆ ಬರೋಣ. ಪ್ರವಾಹ ಸೊನ್ನೆಯಿರುವಲ್ಲಿ ಗೆರೆಯ ಎತ್ತರವೇ E. ಸ್ಕೇಲು ಇಟ್ಟು ಗೆರೆಯನ್ನು ಎಡಕ್ಕೆ ಮುಂದುವರಿಸಿದರೆ ಲಂಬ ಅಕ್ಷವನ್ನು 1.50ರಲ್ಲಿ ಮುಟ್ಟುತ್ತದೆ. ಇಲ್ಲಿ ಅಡ್ಡ ಅಕ್ಷ ಸೊನ್ನೆಯಿಂದಲೇ ಶುರುವಾಗುವುದರಿಂದ ಇದು ಸರಿ. ಅಡ್ಡ ಅಕ್ಷ 100ರಿಂದ ಶುರುವಾಗಿದ್ದರೆ ಎಡ ಅಂಚಿನಲ್ಲಿ ಓದಿದ ಬೆಲೆ 1.42 ಇರುತ್ತಿತ್ತು, ಅದು ಚಾಲಕ ಬಲವಲ್ಲ. ಇಂಥ ಗ್ರಾಫ್ ಸಿಕ್ಕಾಗ ಅಂಚನ್ನು ನಂಬದೆ ಗೆರೆಯ ಒಂದು ಬಿಂದುವನ್ನು ಸಮೀಕರಣಕ್ಕೆ ಹಾಕುವುದು ಸುರಕ್ಷಿತ: 450 ಮಿಲಿಆಂಪಿಯರಿನಲ್ಲಿ 1.14 ವೋಲ್ಟ್, ಅದಕ್ಕೆ ಒಳಗೆ ಕಳೆದ 0.45 × 0.80, ಅಂದರೆ 0.36 ವೋಲ್ಟ್ ಸೇರಿಸಿದರೆ 1.50.

ಈಗ 2.2 ಓಮ್ ರೋಧಕ. ಸುತ್ತಿನಲ್ಲಿರುವ ಒಟ್ಟು ರೋಧ 2.2 ಮತ್ತು 0.8 ಕೂಡಿ 3.0 ಓಮ್. 1.50ನ್ನು ಅದರಿಂದ ಭಾಗಿಸಿದರೆ 0.50 ಆಂಪಿಯರ್. ಇಲ್ಲಿಗೆ ಪೆನ್ನು ಕೆಳಗಿಡುವ ಮೊದಲು ಹಾಳೆಯ ಮೇಲ್ಭಾಗಕ್ಕೆ ಒಮ್ಮೆ ಹಿಂದಿರುಗಿ ನೋಡಬೇಕು. 2.2 ಓಮ್‌ನಲ್ಲಿ 0.50 ಆಂಪಿಯರ್ ಹರಿದರೆ ಅದರ ತುದಿಗಳ ನಡುವೆ 1.10 ವೋಲ್ಟ್ ಇರಬೇಕು. ಗ್ರಾಫಿನಲ್ಲಿ 500 ಮಿಲಿಆಂಪಿಯರಿನ ನೇರಕ್ಕೆ ಗೆರೆ ಎಲ್ಲಿದೆ? ಸರಿಯಾಗಿ 1.10ರಲ್ಲಿ. ಲೆಕ್ಕದಿಂದ ಬಂದ ಉತ್ತರ ಗೆರೆಯ ಮೇಲೆಯೇ ಬಂದು ಕೂತಿತು. ಮಿಲಿಆಂಪಿಯರ್ ಮರೆತು 0.0008 ಓಮ್ ಹಿಡಿದಿದ್ದವರಿಗೆ ಪ್ರವಾಹ 0.68 ಆಂಪಿಯರ್, ವೋಲ್ಟ್ 1.50 ಬರುತ್ತಿತ್ತು. ಆ ಬಿಂದುವನ್ನು ಗ್ರಾಫಿನಲ್ಲಿ ಹುಡುಕಿದರೆ ಅದು ಗೆರೆಯ ಬಲತುದಿಗಿಂತ ಆಚೆ, ಎಷ್ಟೋ ಮೇಲೆ ಬಯಲಿನಲ್ಲಿ ಬೀಳುತ್ತದೆ. ಅಚ್ಚಿನ ಗ್ರಾಫ್ ಕೊಟ್ಟ ಪ್ರಶ್ನೆಯಲ್ಲಿ ಉತ್ತರವನ್ನು ಒರೆಗೆ ಹಚ್ಚಲು ಇಷ್ಟು ಸುಲಭದ ದಾರಿ ಇರುವಾಗ ಅದನ್ನು ಬಳಸದೆ ಬಿಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಓದಿನ ತಪ್ಪು ಈ ಲೆಕ್ಕಕ್ಕೆ ಎಷ್ಟು ದಾಟಿತು ಎಂಬುದನ್ನೂ ನೋಡೋಣ. ದೂರದ ಬಿಂದುಗಳನ್ನು ಹಿಡಿದವರ r 0.77ರಿಂದ 0.84ರ ಒಳಗಿತ್ತು. ಆಗ ಪ್ರವಾಹ 0.49 ಮತ್ತು 0.51ರ ನಡುವೆ. ಹತ್ತಿರದ ಬಿಂದುಗಳನ್ನು ಹಿಡಿದು 0.55ರಿಂದ 1.1ರ ನಡುವೆ ಎಲ್ಲೋ ಬಿದ್ದವರಿಗೂ ಪ್ರವಾಹ 0.45 ಮತ್ತು 0.55ರ ನಡುವೆ ಬರುತ್ತದೆ. r ಎರಡರಷ್ಟು ಆಚೀಚೆಯಾದರೂ ಪ್ರವಾಹ ಹತ್ತರಲ್ಲಿ ಒಂದು ಭಾಗ ಮಾತ್ರ ಅಲುಗಿತು. ಏಕೆಂದರೆ 2.2 ಓಮ್ ನಮಗೆ ನಿಖರವಾಗಿ ಗೊತ್ತಿರುವ ದೊಡ್ಡ ಪಾಲು. ಗ್ರಾಫಿನಿಂದ ಬಂದದ್ದು ಚಿಕ್ಕ ಪಾಲು. ಕೂಡುವಾಗ ದೊಡ್ಡದು ಚಿಕ್ಕದರ ತಪ್ಪನ್ನು ಮುಚ್ಚಿತು.

ಶಾರ್ಟ್ ಮಾಡುವ ಪ್ರಶ್ನೆಯಲ್ಲಿ ಆ ರಕ್ಷಣೆ ಇಲ್ಲ. ಹೊರಗೆ ರೋಧವೇ ಇಲ್ಲ, 1.50ನ್ನು r ಒಂದರಿಂದಲೇ ಭಾಗಿಸಬೇಕು. 0.80ರಿಂದ ಭಾಗಿಸಿದರೆ ಸುಮಾರು 1.9 ಆಂಪಿಯರ್. ದೂರದ ಬಿಂದುಗಳವರಿಗೆ 1.8ರಿಂದ 1.95. ಹತ್ತಿರದ ಬಿಂದುಗಳವರಿಗೆ 1.4ರಿಂದ 2.7! ಒಂದೇ ಓದು ಒಂದು ಉಪಪ್ರಶ್ನೆಯಲ್ಲಿ ಕ್ಷಮಿಸಲ್ಪಟ್ಟು ಮುಂದಿನದರಲ್ಲಿ ಪೂರ್ತಿಯಾಗಿ ಬಯಲಾಗುತ್ತದೆ. 'ಇ' ಸರಿಯಾಯಿತು, 'ಈ' ಮಾತ್ರ ಹೇಗೆ ತಪ್ಪಾಯಿತು ಎಂದು ಕೇಳುವ ಮಕ್ಕಳಿಗೆ ಉತ್ತರ 'ಈ'ಯಲ್ಲಿ ಸಿಗುವುದಿಲ್ಲ, 'ಅ'ದಲ್ಲಿ ಸಿಗುತ್ತದೆ.

ಇದೇ ಪ್ರಶ್ನೆಗೆ ಲೆಕ್ಕವಿಲ್ಲದ ಒಂದು ಅಡ್ಡದಾರಿಯೂ ಕಾಣುತ್ತದೆ. ಗೆರೆಯನ್ನು ಬಲಕ್ಕೆ ಮುಂದುವರಿಸಿದರೆ ಅದು ಕೆಳಗಿನ ಅಕ್ಷವನ್ನು 625 ಮಿಲಿಆಂಪಿಯರಿನಲ್ಲಿ ಮುಟ್ಟುತ್ತದೆ. ಶಾರ್ಟ್ ಮಾಡಿದಾಗ V ಸೊನ್ನೆ, ಅಡ್ಡ ಅಕ್ಷದ ಮೇಲೆ V ಸೊನ್ನೆ, ಆದ್ದರಿಂದ ಉತ್ತರ 0.625 ಆಂಪಿಯರ್ ಎಂದು ಬರೆಯುತ್ತಾರೆ. ಆದರೆ ಈ ಹಾಳೆಯ ತಳದಲ್ಲಿ ವೋಲ್ಟ್ ಸೊನ್ನೆಯಲ್ಲ, 1.0. ಎಡ ಮೂಲೆಯಲ್ಲಿ ಬರೆದ ಆ ಸಣ್ಣ ಸಂಖ್ಯೆಯನ್ನು ನೋಡದೆ ಹೋದದ್ದಕ್ಕೆ ಉತ್ತರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅಚ್ಚು ಹಾಕುವವರು ಮೋಸಕ್ಕಾಗಿ ಹೀಗೆ ಮಾಡುವುದಿಲ್ಲ. ಸೊನ್ನೆಯಿಂದ ಶುರುಮಾಡಿದರೆ ಅಳತೆಗಳೆಲ್ಲ ಮೇಲಿನ ಪಟ್ಟಿಯೊಂದರಲ್ಲಿ ಒತ್ತಿಕೊಂಡು, ಇಳಿಜಾರನ್ನು ಓದುವುದೇ ಕಷ್ಟವಾಗುತ್ತದೆ. ಇಳಿಜಾರಿಗೆ ಮೂಲಬಿಂದು ಬೇಕಿಲ್ಲ, ವ್ಯತ್ಯಾಸಗಳು ಸಾಕು. ಅಕ್ಷವನ್ನು ಮುಟ್ಟುವ ಜಾಗವನ್ನು ಓದುವಾಗ ಮಾತ್ರ ಮೂಲಬಿಂದು ಬೇಕು.

ಇನ್ನು ಆ 1.9 ಆಂಪಿಯರನ್ನೂ ಎಚ್ಚರಿಕೆಯಿಂದ ನೋಡಬೇಕು. ಅಳತೆಗಳು ನಿಂತಿರುವುದು 0.5 ಆಂಪಿಯರಿನಲ್ಲಿ. ಎಡಕ್ಕೆ ಸೊನ್ನೆಯವರೆಗೆ ಮುಂದುವರಿಸಿದ್ದು ಬರೀ 50 ಮಿಲಿಆಂಪಿಯರಿನಷ್ಟು, ಅದನ್ನು ನಂಬಬಹುದು. ಬಲಕ್ಕೆ ಮಾತ್ರ ಅಳತೆಯ ಕೊನೆಗಿಂತ ಸುಮಾರು ನಾಲ್ಕರಷ್ಟು ದೂರ ಹೋದೆವು. ಅಷ್ಟು ಪ್ರವಾಹ ಎಳೆದರೆ ಇಂಥ ಸೆಲ್ಲಿನ ಒಳಗಿನ ರಾಸಾಯನಿಕ ಕ್ರಿಯೆ ಪ್ರವಾಹದ ವೇಗಕ್ಕೆ ಸಮನಾಗಿ ನಡೆಯಲಾರದು, ಸೆಲ್ ಬಿಸಿಯಾಗುತ್ತದೆ, ಆಂತರಿಕ ರೋಧ 0.80ರಲ್ಲೇ ಉಳಿಯುತ್ತದೆ ಎನ್ನಲಾಗುವುದಿಲ್ಲ. 1.9 ಎಂಬುದು ಈ ಗೆರೆ ಹೀಗೇ ನೇರವಾಗಿ ಹೋದರೆ ಬರುವ ಉತ್ತರ. ವರ್ಕ್‌ಶೀಟಿಗೆ ಅದು ಸಾಕು. ಸೆಲ್ಲಿಗೆ ಅದು ಆಣೆಯ ಮಾತಲ್ಲ.

ಓದಿದ ಬಿಂದುಗಳನ್ನು ಉತ್ತರದ ಹಾಳೆಯಲ್ಲಿ ಬರೆಯಿರಿ ಎಂದು ಶಿಕ್ಷಕರು ಒತ್ತಾಯಿಸುವುದಕ್ಕೆ ಕಾರಣ ಇದೆಲ್ಲವೂ. (50 mA, 1.46 V), (450 mA, 1.14 V) ಎಂದು ಎರಡು ಆವರಣ. ಕೇಂಬ್ರಿಡ್ಜ್, ಐಬಿಯಂಥ ಪರೀಕ್ಷೆಗಳಲ್ಲಿ ಮೊದಲ ಓದು ತಪ್ಪಿದರೂ, ಆ ತಪ್ಪು ಬೆಲೆಯಿಂದಲೇ ಮುಂದಿನ ಲೆಕ್ಕವನ್ನು ಸರಿಯಾಗಿ ಮಾಡಿದ್ದರೆ ಆ ಹೆಜ್ಜೆಗಳಿಗೆ ಅಂಕ ಕೊಡುವ ಪದ್ಧತಿ ಇದೆ. ಅದು ನ್ಯಾಯವಾದದ್ದೇ. ಆದರೆ ಯಾವ ಬೆಲೆಯಿಂದ ಹೊರಟರು ಎಂಬುದು ಹಾಳೆಯ ಮೇಲೆ ಕಾಣದಿದ್ದರೆ ಮೌಲ್ಯಮಾಪಕರು ಹಿಂಬಾಲಿಸುವುದಾದರೂ ಏನನ್ನು? ಹಾಗೆಯೇ ನಡುವೆ ಬಂದ ಬೆಲೆಯನ್ನು ಅಲ್ಲಲ್ಲೇ ಮೊಟಕು ಮಾಡಬಾರದು. ಇಳಿಜಾರು 0.8354 ಎಂದು ಬಂದಿದ್ದರೆ ಉತ್ತರವಾಗಿ 0.84 ಎಂದು ಬರೆದರೂ ಕ್ಯಾಲ್ಕುಲೇಟರಿನಲ್ಲಿ ಪೂರ್ತಿ ಸಂಖ್ಯೆಯನ್ನೇ ಮುಂದಕ್ಕೆ ಒಯ್ಯಬೇಕು. 0.8 ಎಂದು ಕತ್ತರಿಸಿಬಿಟ್ಟರೆ ಕಣ್ಣಿನ ತಪ್ಪಿನಷ್ಟೇ ದೊಡ್ಡ ಇನ್ನೊಂದು ತಪ್ಪನ್ನು ನಾವೇ ಸೇರಿಸಿದ ಹಾಗೆ.

ಗೆರೆಯ ಇಳಿಜಾರನ್ನು ಓದಿ, ಅದನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಿ ಮುಂದಿನ ಉತ್ತರ ಪಡೆಯುವ ಈ ಕ್ರಮ ವರ್ಕ್‌ಶೀಟಿಗಷ್ಟೇ ಸೇರಿದ್ದಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ 1916ರಲ್ಲಿ ಪ್ಲಾಂಕ್ ಸ್ಥಿರಾಂಕವನ್ನು ಅಳೆದದ್ದು ಹೀಗೆಯೇ. ಸೋಡಿಯಂ ಲೋಹದ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು, ಹೊರಬರುವ ಎಲೆಕ್ಟ್ರಾನುಗಳನ್ನು ತಡೆದು ನಿಲ್ಲಿಸಲು ಎಷ್ಟು ವೋಲ್ಟ್ ಬೇಕು ಎಂದು ಅಳೆದರು. ಬೆಳಕಿನ ಆವರ್ತಾಂಕಕ್ಕೆ ಎದುರಾಗಿ ಆ ವೋಲ್ಟನ್ನು ಗುರುತಿಸಿದಾಗ ನೇರ ಗೆರೆ ಬಂತು, 1905ರಲ್ಲಿ ಐನ್‌ಸ್ಟೈನ್ ಹೇಳಿದ್ದಂತೆಯೇ. ಆ ಗೆರೆಯ ಇಳಿಜಾರನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದ ಗುಣಿಸಿದರೆ ಪ್ಲಾಂಕ್ ಸ್ಥಿರಾಂಕ ಸಿಗುತ್ತದೆ.

ಸೋಡಿಯಂನ ಗೆರೆಯಿಂದ ಮಿಲಿಕನ್ ಪಡೆದ ಇಳಿಜಾರು, ಹತ್ತರ ಘಾತವನ್ನು ಬದಿಗಿಟ್ಟು ಹೇಳುವುದಾದರೆ, 4.124. ಇಂದು ಒಪ್ಪಿರುವ ಬೆಲೆ 4.136. ಸಾವಿರದಲ್ಲಿ ಮೂರು ಭಾಗದಷ್ಟೇ ವ್ಯತ್ಯಾಸ. ಆದರೆ ಅವರಿಗೆ ಬಂದ ಪ್ಲಾಂಕ್ ಸ್ಥಿರಾಂಕ 6.57, ಇಂದಿನದು 6.626, ವ್ಯತ್ಯಾಸ ಸಾವಿರದಲ್ಲಿ ಎಂಟು ಒಂಬತ್ತು. ಹೆಚ್ಚಿನ ಪಾಲು ಗೆರೆಯಿಂದ ಬಂದದ್ದಲ್ಲ. ಗುಣಿಸಲು ಬಳಸಿದ ಎಲೆಕ್ಟ್ರಾನಿನ ವಿದ್ಯುದಂಶ ಅವರದೇ ಎಣ್ಣೆಹನಿ ಪ್ರಯೋಗದಿಂದ ಬಂದಿತ್ತು, ಅದು ಸಾವಿರದಲ್ಲಿ ಆರರಷ್ಟು ಕಡಿಮೆಯಿತ್ತು. ಅದು ಕಡಿಮೆಯಾಗಲು ಮುಖ್ಯ ಕಾರಣ, ಆ ಪ್ರಯೋಗದ ಲೆಕ್ಕದಲ್ಲಿ ಹಿಡಿದಿದ್ದ ಗಾಳಿಯ ಸ್ನಿಗ್ಧತೆಯ ಬೆಲೆ ಸರಿಯಿಲ್ಲದಿದ್ದುದು. ಇಳಿಜಾರನ್ನು ಬೇರೆಯಾಗಿ, ಗುಣಿಸಿದ ಸಂಖ್ಯೆಯನ್ನು ಬೇರೆಯಾಗಿ ಮಿಲಿಕನ್ ಪ್ರಕಟಿಸಿದ್ದರಿಂದ, 1930ರ ದಶಕದಲ್ಲಿ ವಿದ್ಯುದಂಶದ ಬೆಲೆ ತಿದ್ದಿದಾಗ ಅವರ ಗೆರೆಯನ್ನು ಮತ್ತೆ ಎಳೆಯಬೇಕಾಗಲಿಲ್ಲ. ಅದೇ ಇಳಿಜಾರಿಗೆ ಹೊಸ ಬೆಲೆಯನ್ನು ಹಾಕಿ ಗುಣಿಸಿದರೆ ಸಾಕು, ಉತ್ತರ 6.61ಕ್ಕೆ ಬಂದು ನಿಲ್ಲುತ್ತದೆ.